ನಿಮಗಿದು ಗೊತ್ತೇ? ಫೋಟೊದಲ್ಲಿ ಕಲ್ಲಿನ ಕುಲ ಪತ್ತೆ

ಪಟ್ಟೆ ಕಂಡ ಕಲ್ಲೆಲ್ಲ ಕಣಶಿಲೆಯಲ್ಲ, ಗೊತ್ತೇ?

ಬಾದಾಮಿಯ ಗುಹಾಲಯಗಳನ್ನು ಕೊರೆದಿರುವ ಕೆಂಪು ಬಂಡೆಯಲ್ಲಿ ಪಟ್ಟೆಗಳಿವೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯಲ್ಲೂ ಪಟ್ಟೆಗಳಿವೆ. ಎರಡರಿಂದಲೂ ಒಂದೊಂದು ಚೂರು ತಂದು ಫೋಟೊ ತೆಗೆದು ಮುಂದಿಟ್ಟರೆ, ಶಾಲೆಯಲ್ಲಿ ಕಲಿತ ಪಾಠ ನೆನೆದು ಎರಡನ್ನೂ ‘ಕಣಶಿಲೆ’ ಎಂದುಬಿಡುವವರೇ ಹೆಚ್ಚು. ಬಾದಾಮಿಯದಕ್ಕೆ ಆ ಉತ್ತರ ಸರಿ. ಹರಿವ ನೀರು ಹೊತ್ತು ತಂದ ಮರಳು ಪದರದ ಮೇಲೆ ಪದರವಾಗಿ ಕೂತು ಗಟ್ಟಿಯಾದ ಮರಳುಗಲ್ಲು ಅದು. ಲಾಲ್‌ಬಾಗಿನದು ರೂಪಾಂತರ ಶಿಲೆ. ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ, ಒಳಗಿನ ಹರಳುಗಳು ಮತ್ತೆ ಬೆಳೆದು, ಕಪ್ಪು ಖನಿಜ ಒಂದು ಕಡೆ, ಬಿಳಿ ಖನಿಜ ಇನ್ನೊಂದು ಕಡೆ ಸೇರಿ ಪಟ್ಟೆಗಟ್ಟಿದ ನೈಸ್. ವಯಸ್ಸು ಸುಮಾರು 300 ಕೋಟಿ ವರ್ಷ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ.

ಹಾಗಾದರೆ ಬರೀ ಫೋಟೊದಲ್ಲಿ ಇವನ್ನು ಬೇರ್ಪಡಿಸುವುದು ಹೇಗೆ? ನೋಡುವ ಕ್ರಮ ಬದಲಿಸಬೇಕು. ಮೊದಲು ಕಣ, ಆಮೇಲೆ ಪಟ್ಟೆ, ಕೊಟ್ಟಕೊನೆಗೆ ಬಣ್ಣ. ನಮ್ಮ ಕಣ್ಣು ಇದಕ್ಕೆ ತೀರ ಉಲ್ಟಾ ಹೋಗುತ್ತದೆ, ಬಣ್ಣದಿಂದ ಶುರುಮಾಡುತ್ತದೆ.

ಕಣದ ಗಾತ್ರಕ್ಕಿಂತ ಕಣದ ಅಂಚು ಹೆಚ್ಚು ಹೇಳುತ್ತದೆ, ಗೊತ್ತೇ?

ಕರಗಿದ ಶಿಲಾರಸ ಆರುವಾಗ ಹರಳುಗಳು ಒಂದರ ಪಕ್ಕ ಒಂದು ಬೆಳೆಯುತ್ತವೆ. ಮೊದಲು ಹುಟ್ಟಿದ್ದು ತನಗೆ ಬೇಕಾದ ಆಕಾರ ತಾಳುತ್ತದೆ, ಕೊನೆಗೆ ಹುಟ್ಟಿದ್ದು ಉಳಿದ ಸಂದಿಯಲ್ಲಿ ಹೇಗೋ ತುಂಬಿಕೊಳ್ಳುತ್ತದೆ. ಆದ್ದರಿಂದ ಗ್ರಾನೈಟಿನಲ್ಲಿ ಎರಡು ಹರಳುಗಳ ನಡುವೆ ಖಾಲಿ ಜಾಗವೂ ಇಲ್ಲ, ಅಂಟೂ ಇಲ್ಲ. ಒಂದರ ಅಂಚು ಮುಗಿದಲ್ಲೇ ಇನ್ನೊಂದರದು ಶುರು. ರೂಪಾಂತರ ಶಿಲೆಯಲ್ಲೂ ಹರಳುಗಳು ಹೀಗೇ ಹೆಣೆದುಕೊಂಡಿರುತ್ತವೆ. ಏಕೆಂದರೆ ಅವೂ ಇದ್ದಲ್ಲೇ ಬೆಳೆದವು.

ಮರಳುಗಲ್ಲಿನ ಕಥೆ ಬೇರೆ. ಅದರ ಕಣಗಳು ಎಲ್ಲೋ ಹುಟ್ಟಿ, ಉರುಳಿ, ಅಂಚು ಸವೆದು ಬಂದವು. ಎರಡು ದುಂಡನೆಯ ಕಣಗಳು ಒಂದಕ್ಕೊಂದು ತಾಗಿದರೂ ನಡುವೆ ಸಂದಿ ಉಳಿಯುತ್ತದೆ. ಆ ಸಂದಿಯನ್ನು ಕಬ್ಬಿಣದ ಕೆಂಪು ಆಕ್ಸೈಡೋ ಸಿಲಿಕವೋ ಸುಣ್ಣವೋ ತುಂಬಿ ಕಲ್ಲನ್ನು ಹಿಡಿದಿಟ್ಟಿರುತ್ತದೆ. ಫೋಟೊವನ್ನು ಹಿಗ್ಗಿಸಿ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಕಣಗಳ ನಡುವೆ ಏನಿದೆ? ಬೇರೆ ಬಣ್ಣದ ತೆಳು ತುಂಬುವಿಕೆ ಕಂಡರೆ ಕಣಶಿಲೆಯ ಕಡೆ ವಾಲಿ. ಏನೂ ಇಲ್ಲದೆ ಅಂಚಿಗೆ ಅಂಚು ಕೂಡಿದ್ದರೆ ಅಗ್ನಿಶಿಲೆ ಅಥವಾ ರೂಪಾಂತರ ಶಿಲೆ. ಈ ಒಂದು ಪ್ರಶ್ನೆಯೇ ಬಾದಾಮಿಯ ಚೂರನ್ನೂ ಲಾಲ್‌ಬಾಗಿನ ಚೂರನ್ನೂ ಬೇರ್ಪಡಿಸಿಬಿಡುತ್ತದೆ. ಪಟ್ಟೆಯ ಮಾತು ಇನ್ನೂ ಬಂದೇ ಇಲ್ಲ.

ನಿಮ್ಮ ಫೋಟೊದಲ್ಲಿ ಕಣ ಕಾಣುತ್ತದೋ ಇಲ್ಲವೋ ಎಂಬುದನ್ನು ಲೆಕ್ಕ ಹಾಕಿ ಹೇಳಬಹುದು, ಗೊತ್ತೇ?

ಇಂದಿನ ಸಾಧಾರಣ ಫೋನಿನ ಫೋಟೊ ಸುಮಾರು 4000 ಪಿಕ್ಸೆಲ್ ಅಗಲ ಇರುತ್ತದೆ. 10 ಸೆಂಟಿಮೀಟರ್ ಅಗಲದ ಕಲ್ಲಿನ ಚೂರು ಚೌಕಟ್ಟನ್ನು ಪೂರ್ತಿ ತುಂಬಿದ್ದರೆ ಒಂದು ಪಿಕ್ಸೆಲ್ಲಿಗೆ 0.025 ಮಿಲಿಮೀಟರ್ ಬಂತು. ಕಣದ ಆಕಾರ ತಿಳಿಯಲು ಅದರ ಅಡ್ಡಗಲಕ್ಕೆ ಹತ್ತು ಪಿಕ್ಸೆಲ್ ಆದರೂ ಬೇಕು ಎಂದಿಟ್ಟುಕೊಂಡರೆ, ಕಾಲು ಮಿಲಿಮೀಟರಿನ ಕಣದವರೆಗೆ ಈ ಫೋಟೊ ಸಾಕು. ಮರಳಿನ ಕಣ ಎನ್ನುವುದು 0.06ರಿಂದ 2 ಮಿಲಿಮೀಟರ್‌ವರೆಗಿನ ಗಾತ್ರಕ್ಕೆ. ಅಂದರೆ ನಡು ಗಾತ್ರದ, ದಪ್ಪ ಮರಳಿನ ಕಲ್ಲು ಈ ಫೋಟೊದಲ್ಲಿ ಸಿಕ್ಕಿಬೀಳುತ್ತದೆ. ನುಣ್ಣನೆಯ ಮರಳಿನದು ತಪ್ಪಿಸಿಕೊಳ್ಳುತ್ತದೆ.

ಅದೇ ಚೂರನ್ನು ನೆಲದ ಮೇಲಿಟ್ಟು, ನಿಂತಲ್ಲಿಂದಲೇ, ಒಂದು ಮೀಟರ್ ಅಗಲ ಬರುವಂತೆ ತೆಗೆದರೆ? ಪಿಕ್ಸೆಲ್ ಒಂದಕ್ಕೆ ಕಾಲು ಮಿಲಿಮೀಟರ್. ಎರಡೂವರೆ ಮಿಲಿಮೀಟರಿಗಿಂತ ಸಣ್ಣ ಕಣದ ಆಕಾರವೆಲ್ಲ ಹೋಯಿತು. ಆಗ ಗ್ರಾನೈಟ್ ಕೂಡ ನುಣ್ಣಗಿನ ಬೂದು ಕಲ್ಲಿನಂತೆ ಕಂಡು, ಬಸಾಲ್ಟ್ ಎಂದು ಹೆಸರು ಪಡೆಯುವುದುಂಟು. ಸಂದೇಶದ ಆ್ಯಪಿನಲ್ಲಿ ಕಳಿಸಿದಾಗ ಚಿತ್ರ ಕುಗ್ಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ‘ಕಣ ಕಾಣುತ್ತಿಲ್ಲ’ ಎಂಬ ಮಾತಿಗೆ ಎರಡು ಅರ್ಥವಿದೆ. ಕಲ್ಲಿನಲ್ಲೇ ಕಣ ಸಣ್ಣದಿರಬಹುದು, ಫೋಟೊ ದೂರದ್ದಿರಬಹುದು. ಯಾವುದು ಎಂದು ತಿಳಿಯಲು ಪಕ್ಕದಲ್ಲಿ ಅಳತೆಗೊಂದು ವಸ್ತು ಬೇಕು. ಹತ್ತು ರೂಪಾಯಿ ನಾಣ್ಯ ಒಳ್ಳೆಯದು. ಅದರ ಅಡ್ಡಗಲ 27 ಮಿಲಿಮೀಟರ್, ಎಲ್ಲರ ಜೇಬಿನಲ್ಲೂ ಸಿಗುತ್ತದೆ.

ಬಿಸಿಲು ಮಳೆ ಉಂಡ ಮೈ ಸುಳ್ಳು ಹೇಳುತ್ತದೆ, ಗೊತ್ತೇ?

ಹೊರಮೈಯ ಮೇಲೆ ತುಕ್ಕಿನ ಬಣ್ಣ, ಕಲ್ಲುಹೂ, ಕೆಮ್ಮಣ್ಣಿನ ಲೇಪ. ಅದರಡಿ ಯಾವ ಹರಳೂ ಕಾಣದು. ಒಡೆದ ಹೊಸ ಮುಖದ ಫೋಟೊ ಇಲ್ಲದಿದ್ದರೆ ಕುಲ ಹೇಳಲು ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಣ ಮುಖದ್ದೊಂದು, ನೀರು ಹಚ್ಚಿದ ಮುಖದ್ದೊಂದು, ಹೀಗೆ ಎರಡು ಚಿತ್ರ ಬೇಕು. ಒದ್ದೆಯಲ್ಲಿ ಖನಿಜಗಳ ಬಣ್ಣದ ವ್ಯತ್ಯಾಸ ಎದ್ದು ಕಾಣುತ್ತದೆ, ಒಣದರಲ್ಲಿ ಹರಳಿನ ಹೊಳಪು ಕಾಣುತ್ತದೆ. ನೆತ್ತಿಯ ಬಿಸಿಲಿಗಿಂತ ಪಕ್ಕದಿಂದ ಬೀಳುವ ಬೆಳಕು ವಾಸಿ. ಫ್ಲ್ಯಾಶ್ ಬೇಡವೇ ಬೇಡ.

ಹೊರಮೈ ಇನ್ನೊಂದು ಬಗೆಯಲ್ಲೂ ಮೋಸ ಮಾಡುತ್ತದೆ. ಬಸಾಲ್ಟೂ ಗ್ರಾನೈಟೂ ಶಿಥಿಲವಾಗುವಾಗ ಈರುಳ್ಳಿಯಂತೆ ಸುತ್ತು ಸುತ್ತಾಗಿ ಸಿಪ್ಪೆ ಬಿಡುತ್ತವೆ. ಫೋಟೊದಲ್ಲಿ ಅದು ಪದರದಂತೆಯೇ ಕಾಣುತ್ತದೆ. ಸಿಪ್ಪೆ ಕಲ್ಲಿನ ಹೊರಮೈಯನ್ನು ಅನುಸರಿಸಿ ಬಾಗುತ್ತದೆ. ನಿಜವಾದ ಪದರ ಹಾಗಲ್ಲ, ಕಲ್ಲಿನ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಲ್ಲಿ ಹೊರಬರುತ್ತದೆ.

ಪಟ್ಟೆಗಳಲ್ಲೇ ಜಾತಿಗಳಿವೆ, ಗೊತ್ತೇ?

ಈಗ ಪಟ್ಟೆಯ ಸರದಿ. ಕಣಶಿಲೆಯ ಪದರದಲ್ಲಿ ಒಂದು ಪಟ್ಟೆಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ಕಣದ ಗಾತ್ರದ್ದು. ಹೊಳೆ ರಭಸವಾಗಿ ಹರಿದಾಗ ದಪ್ಪ ಮರಳು, ನಿಧಾನವಾದಾಗ ಸಣ್ಣದು. ಖನಿಜ ಮಾತ್ರ ಹೆಚ್ಚು ಕಡಿಮೆ ಅದೇ: ಬೆಣಚು, ಬೆಣಚು, ಮತ್ತೆ ಬೆಣಚು. ನೈಸಿನ ಪಟ್ಟೆಯಲ್ಲಿ ಆಗಿರುವುದು ಇದರ ವಿರುದ್ಧ. ಕಣದ ಗಾತ್ರ ಹೆಚ್ಚು ಬದಲಾಗದು, ಖನಿಜವೇ ಬೇರೆ. ಒಂದು ಪಟ್ಟೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್. ಪಕ್ಕದ ಕಪ್ಪು ಪಟ್ಟೆಯಲ್ಲಿ ಕಪ್ಪು ಅಭ್ರಕ ಅಥವಾ ಹಾರ್ನ್‌ಬ್ಲೆಂಡ್.

ಅಭ್ರಕದ ಚಕ್ಕೆಗಳನ್ನು ಇನ್ನಷ್ಟು ಹತ್ತಿರದಿಂದ ನೋಡಿ. ರೂಪಾಂತರ ಶಿಲೆಯಲ್ಲಿ ಒತ್ತಡ ಬಿದ್ದ ದಿಕ್ಕಿಗೆ ಅಡ್ಡಲಾಗಿ ಎಲ್ಲ ಚಕ್ಕೆಗಳೂ ಒಂದೇ ಕಡೆ ಮಲಗಿರುತ್ತವೆ. ಗ್ರಾನೈಟಿನಲ್ಲಿ ಅದೇ ಕಪ್ಪು ಅಭ್ರಕ ಮನಬಂದಂತೆ ಚೆಲ್ಲಿರುತ್ತದೆ, ಒಂದು ಅಡ್ಡ, ಒಂದು ಉದ್ದ, ಒಂದು ಓರೆ. ಗ್ರಾನೈಟನ್ನೂ ನೈಸನ್ನೂ ಬೇರ್ಪಡಿಸಲು ಫೋಟೊದಲ್ಲಿ ಇದಕ್ಕಿಂತ ನಂಬಿಕಸ್ಥ ಗುರುತು ನನಗೆ ಕಂಡಿಲ್ಲ. ಖನಿಜಗಳು ಎರಡರಲ್ಲೂ ಬಹುತೇಕ ಒಂದೇ ಆಗಿರಬಹುದು. ಅವು ನಿಂತಿರುವ ಶಿಸ್ತು ಬೇರೆ.

ಕಣಶಿಲೆಗೆ ಮಾತ್ರ ಮೀಸಲಾದ ಪಟ್ಟೆಯೂ ಒಂದಿದೆ. ಓರೆಯಾದ ತೆಳು ಗೆರೆಗಳು ಸಾಲಾಗಿ ಮೇಲೇರಿ, ಅವುಗಳ ತಲೆಯನ್ನು ಮಟ್ಟಸವಾದ ಇನ್ನೊಂದು ಪದರ ಕತ್ತರಿಸಿರುತ್ತದೆ. ಗೆರೆಗಳ ಬುಡ ಮಾತ್ರ ನಯವಾಗಿ ಬಾಗಿ ಕೆಳಗಿನ ಪದರಕ್ಕೆ ಕೂಡಿಕೊಳ್ಳುತ್ತದೆ. ಇವು ಮರಳಿನ ದಿಬ್ಬಗಳು ನೀರಿನಲ್ಲೋ ಗಾಳಿಯಲ್ಲೋ ಮುಂದೆ ಸರಿದ ಗುರುತು. ಬಾದಾಮಿಯ ಬಂಡೆಗಳಲ್ಲಿ ಬೇಕಾದಷ್ಟಿವೆ. ಮಂಗಳೇಶ ಕೊರೆಸಿದ, 578ರ ಶಾಸನವಿರುವ ಮೂರನೆಯ ಗುಹೆಗೆ ಹೋದವರು ಶಿಲ್ಪ ನೋಡಿಯಾದ ಮೇಲೆ ಆ ಗುಡ್ಡದ ಬಂಡೆಯ ಗೋಡೆಗಳ ಓರೆ ಗೆರೆಗಳನ್ನೂ ಒಂದು ನಿಮಿಷ ನೋಡಬೇಕು. ಗೆರೆ ಯಾವ ಕಡೆ ಇಳಿದಿದೆಯೋ ಆ ಕಡೆಗೇ ಅಂದಿನ ನೀರು ಹರಿದಿತ್ತು.

ಪದರವಲ್ಲದ ಪಟ್ಟೆಯೂ ಮರಳುಗಲ್ಲಿನಲ್ಲಿ ಇರುತ್ತದೆ, ಗೊತ್ತೇ?

ಕಲ್ಲಿನೊಳಗೆ ಇಂಗಿದ ನೀರು ಕಬ್ಬಿಣವನ್ನು ಕರಗಿಸಿ, ಮುಂದೆಲ್ಲೋ ಕೆಂಪು, ಕಂದು ಬಳೆಗಳಂತೆ ಬಿಟ್ಟುಹೋಗುತ್ತದೆ. ನೋಡಲು ಬಲು ಸೊಗಸು. ಆದರೆ ಆ ಬಣ್ಣದ ಗೆರೆ ಕಣಗಳ ಪದರವನ್ನು ಲೆಕ್ಕಿಸದೆ ಅಡ್ಡಡ್ಡ ಹಾಯುತ್ತದೆ. ಗೆರೆಯ ಈಚೆಗೂ ಆಚೆಗೂ ಕಣದ ಗಾತ್ರ ಒಂದೇ ಆಗಿದ್ದರೆ ಅದು ಬರೀ ಕಲೆ.

ಒಂದೇ ಮುಖದ ಫೋಟೊ ನೈಸನ್ನು ಗ್ರಾನೈಟ್ ಮಾಡಿಬಿಡುತ್ತದೆ, ಗೊತ್ತೇ?

ಫೋಟೊ ನೋಡಿ ಹೇಳುವವರು ಹೆಚ್ಚು ಎಡವುವುದು ಇಲ್ಲಿ. ನೈಸಿನ ಪಟ್ಟೆಗಳು ಕಲ್ಲಿನೊಳಗೆ ಹಾಳೆಗಳಂತೆ ಹಬ್ಬಿರುತ್ತವೆ. ಹಾಳೆಗಳಿಗೆ ಅಡ್ಡಲಾಗಿ ಒಡೆದ ಮುಖದಲ್ಲಿ ಕಪ್ಪು ಬಿಳುಪು ಪಟ್ಟೆ ಚೆನ್ನಾಗಿ ಕಾಣುತ್ತದೆ. ಹಾಳೆಗೆ ಸಮನಾಗಿ ಒಡೆದ ಮುಖದಲ್ಲಿ ಪಟ್ಟೆಯೇ ಇಲ್ಲ! ಒಂದೇ ಹಾಳೆಯ ಮೇಲ್ಮೈ ತಾನೆ ಅದು? ಅಲ್ಲಿ ಹರಳುಗಳು ಚೆಲ್ಲಾಪಿಲ್ಲಿಯಾಗಿ ಕಂಡು ಗ್ರಾನೈಟ್ ಎನಿಸುತ್ತದೆ. ಇದಕ್ಕೆ ಸೇರಿದ ಇನ್ನೊಂದು ತೊಂದರೆ: ಇಂಥ ಕಲ್ಲು ಸುಲಭವಾಗಿ ಒಡೆಯುವುದು ಆ ಹಾಳೆಯ ಗುಂಟವೇ. ಹಾಗಾಗಿ ನೆಲದಲ್ಲಿ ಬಿದ್ದ ಚೂರಿನ ದೊಡ್ಡ ಮುಖ, ಫೋಟೊಗೆ ಸಿಗುವ ಮುಖ, ಪಟ್ಟೆಯಿಲ್ಲದ ಮುಖವೇ ಆಗಿರುತ್ತದೆ.

ಪರಿಹಾರ ಸರಳ. ಒಂದಕ್ಕೊಂದು ಲಂಬವಾದ ಮೂರು ಮುಖಗಳ ಮೂರು ಫೋಟೊ. ಯಾರಾದರೂ ಒಂದೇ ಚಿತ್ರ ಕಳಿಸಿ ‘ಇದು ಗ್ರಾನೈಟೇ?’ ಎಂದು ಕೇಳಿದರೆ ಮೊದಲು ಉಳಿದ ಎರಡು ಮುಖ ಕೇಳಿ.

ಸಣ್ಣ ಕಣಗಳ ನಡುವೆ ದೊಡ್ಡದೊಂದು ಕೂತಿದ್ದರೆ ಅದರ ಆಕಾರವೇ ಜಾತಕ, ಗೊತ್ತೇ?

ರಾಮನಗರದ ಬೆಟ್ಟಗಳ ಕಲ್ಲನ್ನು ನೋಡಿ. ಭೂವಿಜ್ಞಾನಿಗಳು ಅದನ್ನು, ಊರಿನ ಹಳೆಯ ಹೆಸರಿನಿಂದ, ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯದು, ನಾಡಿನ ನಡುವೆ ದಕ್ಷಿಣೋತ್ತರವಾಗಿ ನೂರಾರು ಕಿಲೋಮೀಟರ್ ಉದ್ದ ಹಬ್ಬಿದೆ. ಇದರಲ್ಲಿ ಎಷ್ಟೋ ಕಡೆ ಬೆರಳಿನಷ್ಟು ಅಗಲದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳಿವೆ. ನೇರವಾದ ಬದಿ, ಚೂಪಾದ ಮೂಲೆ, ಆಯತದ ಆಕಾರ. ಸುತ್ತ ಇನ್ನೂ ದ್ರವವಿದ್ದಾಗ ಯಾರ ಅಡ್ಡಿಯೂ ಇಲ್ಲದೆ ಬೆಳೆದ ಹರಳಿಗೆ ಮಾತ್ರ ಇಂಥ ಮೂಲೆ ಬರುತ್ತದೆ. ಅಗ್ನಿಶಿಲೆ ಎನ್ನಲು ಇದು ಬಲವಾದ ಸಾಕ್ಷಿ.

ಅದೇ ಗುಲಾಬಿ ಹರಳು ಮಸೂರದ ಆಕಾರ ತಾಳಿ, ಎರಡು ತುದಿಯಲ್ಲೂ ಸಣ್ಣ ಬಾಲ ಬೆಳೆಸಿಕೊಂಡು, ಕಪ್ಪು ಅಭ್ರಕದ ಗೆರೆಗಳು ಅದನ್ನು ಬಳಸಿಕೊಂಡು ಹೋಗಿದ್ದರೆ? ಗ್ರಾನೈಟಾಗಿ ಹುಟ್ಟಿ ಆಮೇಲೆ ಅಮುಕಿಸಿಕೊಂಡ ಕಲ್ಲು ಅದು, ಈಗ ರೂಪಾಂತರ ಶಿಲೆ. ಮೂರನೆಯ ಸಾಧ್ಯತೆ: ದೊಡ್ಡ ತುಂಡುಗಳು ದುಂಡಗಿವೆ, ಒಂದೊಂದೂ ಬೇರೆ ಬೇರೆ ಕಲ್ಲಿನದು, ಕೆಲವು ತುಂಡುಗಳ ಒಳಗೇ ಹರಳುಗಳು ಕಾಣುತ್ತವೆ. ಹೊಳೆಯ ಉರುಟುಗಲ್ಲುಗಳು ಮರಳಿನೊಡನೆ ಸೇರಿ ಗಟ್ಟಿಯಾದದ್ದು ಅದು, ಕಣಶಿಲೆ.

ತರೀಕೆರೆ ಬಳಿಯ ಕಲ್ದುರ್ಗದಲ್ಲಿ ಇಂಥ ಉರುಟುಗಲ್ಲಿನ ಶಿಲೆಯಿದೆ. ಮೊದಲು ಕಣಶಿಲೆಯಾಗಿದ್ದು ನಂತರ ರೂಪಾಂತರವಾದದ್ದು. ಈ ಬಗೆಯ ಕಲ್ಲಿನ ಫೋಟೊದಲ್ಲಿ ಉರುಟುಗಲ್ಲಿನ ಗುರುತು ಒಂದು ಉತ್ತರ ಹೇಳಿದರೆ, ಸುತ್ತಲಿನ ಸಣ್ಣ ಖನಿಜಗಳ ಜೋಡಣೆ ಇನ್ನೊಂದು ಹೇಳುತ್ತದೆ. ಎರಡೂ ನಿಜವೇ. ಕುಲ ಬರೆಯುವಾಗ ಕೊನೆಯ ಘಟನೆಗೆ ಮಾನ್ಯತೆ ಕೊಟ್ಟು ‘ರೂಪಾಂತರ ಶಿಲೆ’ ಎಂದು ಬರೆದು, ಪಕ್ಕದಲ್ಲಿ ‘ಮೂಲ ಕಣಶಿಲೆ’ ಎಂದು ಸೇರಿಸುವುದು ಸರಿಯಾದ ಕ್ರಮ.

ತೂತು ಕಂಡರೆ ಜ್ವಾಲಾಮುಖಿ ಎನ್ನುವಂತಿಲ್ಲ, ಗೊತ್ತೇ?

ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಆರುವ ಲಾವಾದಿಂದ ಹೊರಟ ಅನಿಲದ ಗುಳ್ಳೆಗಳು ಅಲ್ಲೇ ಸಿಕ್ಕಿಕೊಂಡು ತೂತುಗಳಾದವು. ಅವು ದುಂಡಗೋ ಮೊಟ್ಟೆಯಾಕಾರದಲ್ಲೋ ಇರುತ್ತವೆ, ಒಳಗೋಡೆ ನುಣುಪು, ಎಷ್ಟೋ ಸಲ ಬಿಳಿ ಖನಿಜ ತುಂಬಿರುತ್ತದೆ. ಬೀದರಿನಲ್ಲಿ ಅದೇ ಬಸಾಲ್ಟಿನ ಮೇಲೆ ಜಂಬಿಟ್ಟಿಗೆಯೂ ಇದೆ. ಕರಾವಳಿಯವರ ಮುರಕಲ್ಲು. ಅದರ ತೂತು ಸೊಟ್ಟಂಬಟ್ಟ, ಹುಳು ಕೊರೆದ ಹಾಗೆ ಒಂದರೊಳಗೊಂದು ಸೇರಿಕೊಂಡಿರುತ್ತದೆ, ಒಳಗೋಡೆ ಒರಟು. ಮಳೆನೀರು ಬೇರೆಲ್ಲ ಖನಿಜವನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂಗಳನ್ನು ಉಳಿಸಿದಾಗ ಆದದ್ದು. ಇದನ್ನು ಮೂರು ಕುಲಗಳಲ್ಲಿ ಯಾವುದಕ್ಕೂ ಬಲವಂತವಾಗಿ ಸೇರಿಸಬೇಡಿ. ಶಿಥಿಲಗೊಂಡು ಉಳಿದ ಕಲ್ಲು ಎಂದೇ ಬರೆಯಿರಿ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಕೇರಳದ ಅಂಗಾಡಿಪುರದ ಇಂಥ ಕಲ್ಲನ್ನೇ ವರ್ಣಿಸಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ.

ಗುಲಾಬಿ ಬಣ್ಣ ಕಣದ ಒಳಗಿದೆಯೋ ಹೊರಗಿದೆಯೋ ನೋಡಬೇಕು, ಗೊತ್ತೇ?

ಗ್ರಾನೈಟಿನ ಗುಲಾಬಿ ಫೆಲ್ಡ್‌ಸ್ಪಾರ್ ಹರಳಿನ ಮೈಯದೇ ಬಣ್ಣ. ಬಾದಾಮಿ ಕಲ್ಲಿನ ಕೆಂಪು ಬೆಣಚಿನ ಕಣಗಳಿಗೆ ಮೆತ್ತಿದ ಕಬ್ಬಿಣದ ಲೇಪದ್ದು. ಹಿಗ್ಗಿಸಿದ ಫೋಟೊದಲ್ಲಿ ಮೊದಲನೆಯದು ಗುಲಾಬಿ ಚುಕ್ಕಿಗಳಾಗಿ, ಎರಡನೆಯದು ಬಿಳಿಚಿದ ಕಣಗಳ ಸುತ್ತ ಕೆಂಪು ಬಲೆಯಾಗಿ ಕಾಣುತ್ತದೆ. ಕಲ್ಲನ್ನು ಸ್ವಲ್ಪ ವಾಲಿಸಿ ಎರಡನೆಯ ಫೋಟೊ ತೆಗೆದರೆ ಫೆಲ್ಡ್‌ಸ್ಪಾರಿನ ಚಪ್ಪಟೆ ಮುಖ ಒಂದರಲ್ಲಿ ಫಳ್ಳೆಂದು ಹೊಳೆದು ಇನ್ನೊಂದರಲ್ಲಿ ಮಂಕಾಗುತ್ತದೆ. ಬೆಣಚು ಹಾಗೆ ಚಪ್ಪಟೆಯಾಗಿ ಒಡೆಯದು, ಗಾಜಿನ ಚೂರಿನಂತೆ ಬಾಗಿದ ಮುಖ ಅದರದ್ದು.

ಮರಳುಗಲ್ಲು ಕಣದ ಸುತ್ತ ಒಡೆಯುತ್ತದೆ, ಕ್ವಾರ್ಟ್‌ಜೈಟ್ ಕಣದ ನಡುವೆಯೇ ಒಡೆಯುತ್ತದೆ, ಗೊತ್ತೇ?

ಮರಳುಗಲ್ಲಿನಲ್ಲಿ ಅಂಟು ಕಣಕ್ಕಿಂತ ದುರ್ಬಲ. ಬಿರುಕು ಅಂಟಿನ ದಾರಿ ಹಿಡಿಯುತ್ತದೆ, ಒಡೆದ ಮುಖ ತರಿತರಿಯಾಗಿ, ಮಂಕಾಗಿ ಇರುತ್ತದೆ. ಆ ಮರಳುಗಲ್ಲೇ ಕಾವು ಒತ್ತಡಕ್ಕೆ ಸಿಕ್ಕಿ ರೂಪಾಂತರವಾದರೆ ಕಣಗಳು ಬೆಸೆದು ಒಂದಾಗುತ್ತವೆ. ಬಿರುಕಿಗೆ ಈಗ ಕಣವೂ ಒಂದೇ, ಸಂದಿಯೂ ಒಂದೇ. ಮುಖ ನುಣ್ಣಗೆ, ಗಾಜಿನ ಹೊಳಪಿನಿಂದ ಒಡೆಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಕಾವು ಒತ್ತಡವಿಲ್ಲದೆ ಬರೀ ಸಿಲಿಕದ ಅಂಟು ಗಟ್ಟಿಯಾಗಿ ಸೇರಿದ ಮರಳುಗಲ್ಲೂ ಹೀಗೇ ಒಡೆಯಬಹುದು. ಅವೆರಡನ್ನು ಬೇರ್ಪಡಿಸುವುದು ಫೋಟೊದ ಕೈಲಾಗದ ಕೆಲಸ, ತೆಳುವಾಗಿ ಉಜ್ಜಿದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಒಂದು ಫೋಟೊವನ್ನು ಹೆಜ್ಜೆ ಹೆಜ್ಜೆಯಾಗಿ ಓದುವುದು ಹೇಗೆ, ಗೊತ್ತೇ?

ಹೀಗೊಂದು ಚಿತ್ರ ಇದೆ ಎಂದುಕೊಳ್ಳೋಣ. ಬೆಂಗಳೂರಿನ ಹೊರವಲಯದಲ್ಲಿ ಪಾಯ ತೋಡಿದಾಗ ಸಿಕ್ಕ ಕಲ್ಲಿನ ಚೂರು, ಒಡೆದ ಹೊಸ ಮುಖ, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ. ಬೂದು ಬಣ್ಣ, ಅಲ್ಲಲ್ಲಿ ಗುಲಾಬಿ ಛಾಯೆ, ಕಪ್ಪು ಪಟ್ಟೆಗಳು.

ಮೊದಲು ಅಳತೆ. ನಾಣ್ಯ ಪರದೆಯ ಮೇಲೆ 540 ಪಿಕ್ಸೆಲ್ ಅಗಲವಿದೆ. 27 ಮಿಲಿಮೀಟರನ್ನು 540ರಿಂದ ಭಾಗಿಸಿದರೆ ಪಿಕ್ಸೆಲ್ಲಿಗೆ 0.05 ಮಿಲಿಮೀಟರ್. ಹರಳುಗಳು 40ರಿಂದ 80 ಪಿಕ್ಸೆಲ್ ಇವೆ, ಅಂದರೆ 2ರಿಂದ 4 ಮಿಲಿಮೀಟರ್. ಆಕಾರ ನೋಡಲು ಧಾರಾಳವಾಗಿ ಸಾಕು. ಲಾವಾ ಬೇಗ ಆರುವಾಗ ಹರಳು ಇಷ್ಟು ದೊಡ್ಡದಾಗಿ ಕಲ್ಲಿನ ತುಂಬ ಬೆಳೆಯುವುದಿಲ್ಲ, ಆದ್ದರಿಂದ ಬಸಾಲ್ಟ್ ಬಿಟ್ಟುಹೋಯಿತು.

ಎರಡನೆಯದು ಅಂಚು. ಬೂದು ಬಣ್ಣದ, ಗಾಜಿನಂಥ ಬೆಣಚು ಬಿಳಿ ಫೆಲ್ಡ್‌ಸ್ಪಾರಿಗೆ ನೇರವಾಗಿ ತಾಗಿದೆ. ನಡುವೆ ತುಂಬುವಿಕೆ ಇಲ್ಲ, ಕಣಗಳು ದುಂಡಗಿಲ್ಲ. ಮರಳುಗಲ್ಲೂ ಹೋಯಿತು. ಉಳಿದದ್ದು ಗ್ರಾನೈಟ್ ಅಥವಾ ನೈಸ್.

ಮೂರನೆಯದು ಪಟ್ಟೆ. ಕಪ್ಪು ಪಟ್ಟೆಗಳು ನೂರರಿಂದ ಇನ್ನೂರು ಪಿಕ್ಸೆಲ್, ಅಂದರೆ ಅರ್ಧದಿಂದ ಒಂದು ಸೆಂಟಿಮೀಟರ್ ಅಗಲ. ಮಟ್ಟಸವಾಗಿ ಓಡದೆ ಒಂದು ಕಡೆ ತೆಳುವಾಗಿ ಮಾಯವಾಗುತ್ತವೆ, ಇನ್ನೊಂದು ಕಡೆ ಸಣ್ಣದಾಗಿ ಮಡಚಿಕೊಂಡಿವೆ. ಪಟ್ಟೆಯೊಳಗಿನ ಕಪ್ಪು ಅಭ್ರಕದ ಚಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿವೆ. ಬಿಳಿ ಪಟ್ಟೆಯಲ್ಲಿರುವ ಒಂಟಿ ಚಕ್ಕೆಗಳೂ ಅದೇ ದಿಕ್ಕಿಗೆ! ಇದು ನಿರ್ಣಾಯಕ. ಶಿಲಾರಸ ಹರಿಯುವಾಗ ಒಂದೆರಡು ಕಪ್ಪು ಎಳೆಗಳು ಮೂಡುವುದುಂಟು, ಆದರೆ ಇಡೀ ಕಲ್ಲಿನ ಚಕ್ಕೆಗಳೆಲ್ಲ ಸಾಲುಗಟ್ಟಿ, ಪಟ್ಟೆಯೂ ಮಡಚಿಕೊಂಡಿದ್ದರೆ ನೈಸ್ ಎನ್ನಲು ಹೆಚ್ಚು ಯೋಚಿಸಬೇಕಿಲ್ಲ.

ನಾಲ್ಕನೆಯದು, ವಿರುದ್ಧ ಸಾಕ್ಷಿಯ ಹುಡುಕಾಟ. ಚಿತ್ರದ ಬಲಮೂಲೆಯಲ್ಲಿ ಒಂದು ಗುಲಾಬಿ ಎಳೆ ಪಟ್ಟೆಗಳನ್ನೆಲ್ಲ ಅಡ್ಡ ಸೀಳಿಕೊಂಡು ಹೋಗಿದೆ. ಅದರೊಳಗೆ ಅಭ್ರಕಕ್ಕೆ ದಿಕ್ಕೇ ಇಲ್ಲ, ಹರಳುಗಳು ಇನ್ನೂ ದೊಡ್ಡವು. ಪಟ್ಟೆಗಳು ಮೂಡಿಯಾದ ಮೇಲೆ ಬಿರುಕಿನೊಳಗೆ ನುಗ್ಗಿ ಆರಿದ ಶಿಲಾರಸ ಅದು. ಹಾಗಾಗಿ ಟಿಪ್ಪಣಿ ಹೀಗಿರಬೇಕು: ರೂಪಾಂತರ ಶಿಲೆ, ನೈಸ್, ಅದನ್ನು ಕತ್ತರಿಸಿದ ಗುಲಾಬಿ ಎಳೆ ಅಗ್ನಿಶಿಲೆ. ಚೂರು ಒಡೆಯುವಾಗ ಆ ಎಳೆಯ ಕಡೆಯ ತುಂಡು ಮಾತ್ರ ಯಾರ ಕೈಗಾದರೂ ಸಿಕ್ಕಿದ್ದರೆ ಅವರು ಗ್ರಾನೈಟ್ ಎಂದಿರುತ್ತಿದ್ದರು, ತಮ್ಮ ಕೈಲಿದ್ದ ತುಂಡಿನ ಮಟ್ಟಿಗೆ ಅದು ಸರಿಯೂ ಆಗಿರುತ್ತಿತ್ತು.

ನುಣ್ಣನೆಯ ಬೂದು ಕಲ್ಲಿನ ಮುಂದೆ ಫೋಟೊ ಕೈಚೆಲ್ಲುತ್ತದೆ, ಗೊತ್ತೇ?

ವಿಜಯಪುರದ ಗೋಲಗುಮ್ಮಟಕ್ಕೆ ಬಳಸಿದ ಬಸಾಲ್ಟ್, ಮನೆಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು, ಬೇಲೂರು ಹಳೇಬೀಡಿನ ಬಳಪದ ಕಲ್ಲು. ಕ್ರಮವಾಗಿ ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ. ಮೂರರ ಒಂದೊಂದು ಚೂರನ್ನು ಪಕ್ಕಪಕ್ಕ ಇಟ್ಟು ಫೋಟೊ ತೆಗೆದರೆ ಮೂರೂ ಬೂದು ಮಿಶ್ರಿತ ಛಾಯೆಯ, ಕಣವೇ ಕಾಣದ ತುಂಡುಗಳು. ಇಲ್ಲಿ ಊಹಿಸಿ ಹೇಳುವುದಕ್ಕಿಂತ ಕಲ್ಲು ಕೈಲಿರುವವರಿಂದ ಎರಡು ಪರೀಕ್ಷೆ ಮಾಡಿಸುವುದು ಮೇಲು.

ಉಗುರಿನಿಂದ ಗೀರಿಸಿ. ಬಳಪದ ಕಲ್ಲು ಮೆತ್ತನೆಯ ಟಾಲ್ಕ್, ಕ್ಲೋರೈಟ್ ಖನಿಜಗಳದು, ಗೀರು ಬೀಳುತ್ತದೆ, ಮುಟ್ಟಿದರೆ ಜಿಡ್ಡುಜಿಡ್ಡು. ಹೊಯ್ಸಳ ಶಿಲ್ಪಿಗಳು ಅದರಲ್ಲಿ ಅಷ್ಟು ಸೂಕ್ಷ್ಮವಾಗಿ ಕೆತ್ತಲಾದದ್ದು ಈ ಮೆದುತನದಿಂದಲೇ. ಗೀರು ಬೀಳದಿದ್ದರೆ ಚಾಕುವಿನಿಂದ ಕೆರೆದು ಪುಡಿ ಮಾಡಿ, ಮೇಲೆ ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಿ. ನೊರೆ ಉಕ್ಕಿದರೆ ಸುಣ್ಣಕಲ್ಲು, ಶಹಾಬಾದ್ ಕಲ್ಲು ಅದೇ. ಆಮ್ಲ ಸಿಗದಿದ್ದರೆ ನಿಂಬೆರಸವೂ ಆದೀತು. ಆಗ ಗುಳ್ಳೆ ಬಹಳ ಸಣ್ಣಗೆ ಏಳುತ್ತದೆ, ಭೂತಗನ್ನಡಿ ಹಿಡಿದು ನೋಡಬೇಕು. ಎರಡಕ್ಕೂ ಜಗ್ಗದೆ, ಚಾಕುವಿಗೂ ಸುಲಭವಾಗಿ ಮಣಿಯದಿದ್ದರೆ ಬಸಾಲ್ಟ್ ಆಗಿರುವ ಸಾಧ್ಯತೆ ಹೆಚ್ಚು.

ಹೊಯ್ಸಳರ ಗುಡಿಗಳ ಮೇಲೆ ಈ ಪರೀಕ್ಷೆ ಮಾಡಬಾರದು, ಅವು ಸಂರಕ್ಷಿತ ಸ್ಮಾರಕಗಳು. ಬಿದ್ದ ಕಲ್ಲಿನ ಚೂರು ಸಾಕು.

‘ಕಪ್ಪು ಗ್ರಾನೈಟ್’ ಚಪ್ಪಡಿಯಲ್ಲಿ ಬೆಣಚು ಹುಡುಕಿದರೆ ಸಿಗುವುದಿಲ್ಲ, ಗೊತ್ತೇ?

ಕನಕಪುರ, ಚಾಮರಾಜನಗರದ ಕಡೆಯಿಂದ ಬರುವ ಕರಿಕಲ್ಲು ಹೆಚ್ಚಾಗಿ ಡಾಲರೈಟ್. ಹಳೆಯ ಬಂಡೆಗಳ ಬಿರುಕಿನಲ್ಲಿ ಗೋಡೆಯಂತೆ ನಿಂತು ಆರಿದ ಶಿಲಾರಸ. ಕುಲ ಅಗ್ನಿಶಿಲೆಯೇ, ಖನಿಜ ಬೇರೆ. ಇದರ ಹರಳು ಬಸಾಲ್ಟಿನದಕ್ಕಿಂತ ದೊಡ್ಡದು, ಗ್ರಾನೈಟಿನದಕ್ಕಿಂತ ಸಣ್ಣದು. ಪಾಲಿಷ್ ಮಾಡಿದ ಮುಖದಲ್ಲಿ ಬಿಳಿಚಿದ ಕಡ್ಡಿಗಳು ಅಡ್ಡಾದಿಡ್ಡಿ ಚೆಲ್ಲಿದಂತೆ ಕಾಣುತ್ತವೆ, ಅವು ಫೆಲ್ಡ್‌ಸ್ಪಾರ್. ಪಾಲಿಷ್ ಮುಖ ಹರಳಿನ ಅಂಚು ನೋಡಲು ಬಹಳ ಒಳ್ಳೆಯದು. ಕಲ್ಲು ಹೇಗೆ ಒಡೆಯುತ್ತದೆ ಎಂಬುದನ್ನು ಮಾತ್ರ ಅದು ಅಳಿಸಿಹಾಕಿರುತ್ತದೆ.

ಒಂದೇ ಬಂಡೆ ಕಣ್ಣೆದುರೇ ಕುಲದೊಳಗೆ ರೂಪ ಬದಲಿಸಿದ್ದನ್ನು ನೋಡಬಹುದು, ಗೊತ್ತೇ?

ಕನಕಪುರದ ಬಳಿಯ ಕಬ್ಬಾಳದುರ್ಗದ ಕಲ್ಲುಗಣಿಗಳು ಜಗತ್ತಿನ ಭೂವಿಜ್ಞಾನಿಗಳಿಗೆ ಪರಿಚಿತ. ಅಲ್ಲಿ ಬೂದು ಪಟ್ಟೆಯ ನೈಸಿನ ನಡುವೆ ಹಸಿರು ಕಪ್ಪಿನ, ಜಿಡ್ಡು ಹೊಳಪಿನ ಮಚ್ಚೆಗಳಿವೆ. ಆಳದಿಂದ ಇಂಗಾಲದ ಡೈಆಕ್ಸೈಡ್ ಸೇರಿದ ಬಿಸಿ ದ್ರವಗಳು ಬಿರುಕುಗಳಲ್ಲಿ ಏರಿ, ಅಭ್ರಕ, ಹಾರ್ನ್‌ಬ್ಲೆಂಡ್‌ಗಳ ನೀರಿನಂಶ ಕಳೆದು ಅವನ್ನು ಪೈರಾಕ್ಸೀನ್ ಆಗಿಸಿದವು ಎಂಬುದು ಹೆಚ್ಚಿನವರು ಒಪ್ಪಿದ ವಿವರಣೆ. ಮಚ್ಚೆಯ ಕಲ್ಲು ಚಾರ್ನೊಕೈಟ್. ಕೋಲ್ಕತ್ತದ ಜಾಬ್ ಚಾರ್ನಕ್‌ನ ಸಮಾಧಿಯ ಕಲ್ಲನ್ನು ಪರಿಶೀಲಿಸಿ ಟಿ. ಎಚ್. ಹಾಲೆಂಡ್ ಕೊಟ್ಟ ಹೆಸರು.

ಮಚ್ಚೆಯ ಅಂಚಿನ ಫೋಟೊ ತೆಗೆದವರು ಒಂದು ವಿಷಯ ಗಮನಿಸಬೇಕು. ನೈಸಿನ ಪಟ್ಟೆ ಮಚ್ಚೆಯವರೆಗೆ ಸ್ಪಷ್ಟವಾಗಿ ಬಂದು, ಒಳಗೆ ಹೋದಂತೆ ಮಸುಕಾಗುತ್ತದೆ. ಹೊಸ ಹರಳುಗಳು ಹಳೆಯ ಸಾಲನ್ನು ಕಲಕಿವೆ, ಪೂರ್ತಿ ಅಳಿಸಿಲ್ಲ. ಮಚ್ಚೆಯ ನಡುವಿನ ಚಿತ್ರ ಮಾತ್ರ ನೋಡಿದರೆ ಪಟ್ಟೆಯಿಲ್ಲದ, ದೊಡ್ಡ ಹರಳಿನ, ಕಪ್ಪು ಛಾಯೆಯ ಅಗ್ನಿಶಿಲೆ ಎಂದೇ ಓದಿಬಿಡುತ್ತೇವೆ. ಆದ್ದರಿಂದ ಅಲ್ಲಿ ಚೂರಿನ ಫೋಟೊ ಜೊತೆಗೆ ಬಂಡೆಯ ದೂರದ ಫೋಟೊ ಒಂದು, ಚೂರನ್ನು ಕಿತ್ತ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ ತೆಗೆದದ್ದು, ಇರಲೇಬೇಕು.